ಕಾಂಟ್ರಾಕ್ಟ್ ನೋಟಿನಲ್ಲಿ ಕಾಣದ ಖರ್ಚು

ಷೇರು ಕೊಂಡ ಅಥವಾ ಮಾರಿದ ದಿನ ರಾತ್ರಿಯೇ ಬ್ರೋಕರ್ ಕಡೆಯಿಂದ ಇಮೇಲಿಗೆ ಒಂದು ಪಿಡಿಎಫ್ ಬರುತ್ತದೆ. ಅದು ಕಾಂಟ್ರಾಕ್ಟ್ ನೋಟ್. ವಹಿವಾಟು ನಡೆದ 24 ಗಂಟೆಯೊಳಗೆ ಕಳಿಸಲೇಬೇಕೆಂಬುದು ಸೆಬಿಯ ನಿಯಮ. ಸಾಮಾನ್ಯವಾಗಿ ಪ್ಯಾನ್ ನಂಬರೇ ಅದರ ಪಾಸ್‌ವರ್ಡ್. ಬಹಳ ಜನ ಅದನ್ನು ತೆರೆಯುವುದೇ ಇಲ್ಲ. ತೆರೆದವರೂ ಕೊನೆಯ ಸಾಲಿನ ಮೊತ್ತ ನೋಡಿ ಮುಚ್ಚಿಬಿಡುತ್ತಾರೆ. ವರ್ಷದ ಕೊನೆಗೆ ಮಾತ್ರ ‘ಲಾಭ ಬಂದಿತ್ತಲ್ಲ, ಎಲ್ಲಿ ಹೋಯಿತು?’ ಎಂಬ ಪ್ರಶ್ನೆ ಏಳುತ್ತದೆ.

ದಾವಣಗೆರೆಯ ಒಬ್ಬ ಶಿಕ್ಷಕಿ ಎಂದಿಟ್ಟುಕೊಳ್ಳಿ. ಸಂಬಳ ಬರುವ ಬ್ಯಾಂಕಿನವರೇ ತೆರೆದುಕೊಟ್ಟ ಡಿಮ್ಯಾಟ್ ಖಾತೆ, ಬ್ರೋಕರೇಜ್ ಶೇ 0.5. ಅವರು 500 ರೂಪಾಯಿಯ ಹತ್ತು ಷೇರು ಕೊಳ್ಳುತ್ತಾರೆ. ಷೇರಿನ ಬೆಲೆ 5,000 ರೂ., ಖಾತೆಯಿಂದ ಹೋದದ್ದು 5,035 ರೂ. 44 ಪೈಸೆ.

ಹೆಚ್ಚಿನ 35 ರೂಪಾಯಿ ಚಿಲ್ಲರೆಯ ಲೆಕ್ಕ ನೋಟಿನ ಕೆಳಭಾಗದಲ್ಲಿರುತ್ತದೆ. ಬ್ರೋಕರೇಜ್ 25 ರೂ. ಎಸ್‌ಟಿಟಿ, ಅಂದರೆ ಕೇಂದ್ರ ಸರ್ಕಾರದ ಷೇರು ವಹಿವಾಟು ತೆರಿಗೆ, ಶೇ 0.1ರಂತೆ 5 ರೂ. ಸ್ಟ್ಯಾಂಪ್ ಡ್ಯೂಟಿ ಶೇ 0.015, ಅಂದರೆ 75 ಪೈಸೆ. ಷೇರುಪೇಟೆಯ ಶುಲ್ಕ ಲಕ್ಷಕ್ಕೆ ಸುಮಾರು ಮೂರು ರೂಪಾಯಿ, ಇಲ್ಲಿ 15 ಪೈಸೆ. ಸೆಬಿಗೆ ಹೋಗುವುದು ಕೋಟಿಗೆ ಹತ್ತೇ ರೂಪಾಯಿ, ಹಾಗಾಗಿ ಇಲ್ಲಿ ಒಂದು ಪೈಸೆ. ಬ್ರೋಕರೇಜ್, ಷೇರುಪೇಟೆ ಶುಲ್ಕ, ಸೆಬಿ ಶುಲ್ಕ ಈ ಮೂರರ ಮೇಲೆ ಶೇ 18 ಜಿಎಸ್‌ಟಿ, 4 ರೂ. 53 ಪೈಸೆ. ಸಾಲುಗಳು ಆರಿದ್ದರೂ ಭಾರವೆಲ್ಲ ಬ್ರೋಕರೇಜಿನದು. ಜಿಎಸ್‌ಟಿಯೂ ಅದರ ಬಾಲ ಹಿಡಿದೇ ಬಂದದ್ದು. ತೆರಿಗೆ ಮತ್ತು ಪೇಟೆಯ ಶುಲ್ಕ ಯಾವ ಬ್ರೋಕರ್ ಹತ್ತಿರ ಹೋದರೂ ಹೆಚ್ಚುಕಡಿಮೆ ಅಷ್ಟೇ. ಆದ್ದರಿಂದ ನೋಟು ತೆರೆದಾಗ ಎಲ್ಲಕ್ಕಿಂತ ಮೊದಲು ನೋಡಬೇಕಾದದ್ದು ಬ್ರೋಕರೇಜ್ ಸಾಲು. ಖಾತೆ ತೆರೆಯುವಾಗ ಸಹಿ ಹಾಕಿದ ದರಪಟ್ಟಿಗೆ ಅದು ಹೊಂದುತ್ತದೆಯೇ ಎಂದು ತಾಳೆ ಹಾಕಿದರೆ ಮುಕ್ಕಾಲು ಕೆಲಸ ಮುಗಿಯಿತು.

ಶೇಕಡಾವಾರು ಬ್ರೋಕರೇಜ್ ಬೇಡ, ಆರ್ಡರಿಗೆ ಇಷ್ಟು ಎಂದು ನಿಗದಿಯಾಗಿರುವುದೇ ಅಗ್ಗ ಎಂಬ ನಂಬಿಕೆಯಿದೆ. ಒಂದು ಲಕ್ಷದ ಖರೀದಿಗೆ ಅದು ನಿಜ. 20 ರೂಪಾಯಿ ಅಲ್ಲಿ ಲೆಕ್ಕಕ್ಕೇ ಇಲ್ಲ. ಸಾವಿರ ರೂಪಾಯಿಯ ಷೇರಿಗೆ ಅದೇ 20 ರೂಪಾಯಿ ಎಂದರೆ ಶೇ 2. ಬ್ರೋಕರೇಜಿಗೆ ಗರಿಷ್ಠ ಮಿತಿ ವಹಿವಾಟಿನ ಶೇ 2.5 (ತೀರಾ ಕಡಿಮೆ ಬೆಲೆಯ ಷೇರುಗಳಿಗೆ ಲೆಕ್ಕ ಬೇರೆ). ಹಾಗಾಗಿ 500 ರೂಪಾಯಿಯ ಖರೀದಿಗೆ 20 ರೂ. ಹಿಡಿದಿದ್ದರೆ ಅದು ತಪ್ಪು, ಹನ್ನೆರಡೂವರೆ ದಾಟುವಂತಿಲ್ಲ.

ಶಿಕ್ಷಕಿಯ ಲೆಕ್ಕ ಮುಂದುವರಿಸೋಣ. ಕೆಲವು ತಿಂಗಳ ನಂತರ ಷೇರು 520ಕ್ಕೆ ಏರಿತು, ಮಾರಿದರು. ಮಾರುವವರಿಗೆ ಸ್ಟ್ಯಾಂಪ್ ಡ್ಯೂಟಿ ಇಲ್ಲ. ಉಳಿದದ್ದೆಲ್ಲ ಸೇರಿ 35 ರೂ. 88 ಪೈಸೆ ಕಡಿತ. ಎರಡು ನೋಟುಗಳನ್ನು ಪಕ್ಕಪಕ್ಕ ಇಟ್ಟು ಕಳೆದರೆ 200 ರೂಪಾಯಿ ಲಾಭದಲ್ಲಿ 128 ರೂ. 68 ಪೈಸೆ ಕೈಯಲ್ಲಿರಬೇಕು. ಖಾತೆಯಲ್ಲಿ ಮಾತ್ರ 113 ರೂ. 34 ಪೈಸೆ ಇದೆ.

ವ್ಯತ್ಯಾಸ 15 ರೂ. 34 ಪೈಸೆ. ಅದರ ಸುಳಿವು ಎರಡೂ ನೋಟಿನಲ್ಲಿ ಸಿಗುವುದಿಲ್ಲ, ಏಕೆಂದರೆ ಅದು ಡಿಪಿ ಚಾರ್ಜ್. ಡಿಮ್ಯಾಟ್ ಖಾತೆಯಿಂದ ಷೇರು ಹೊರಗೆ ಹೋದದ್ದಕ್ಕೆ ಸಿಡಿಎಸ್‌ಎಲ್ ಅಥವಾ ಎನ್‌ಎಸ್‌ಡಿಎಲ್ ಎಂಬ ಡಿಪಾಸಿಟರಿ ಪಡೆಯುವ ಮೂರು ನಾಲ್ಕು ರೂಪಾಯಿ, ಅದರ ಮೇಲೆ ಬ್ರೋಕರ್ ಸೇರಿಸುವ ತನ್ನ ಪಾಲು, ಮತ್ತೆ ಜಿಎಸ್‌ಟಿ. ನಮ್ಮ ಉದಾಹರಣೆಯಲ್ಲಿ 13 ರೂ. ಮತ್ತು ಅದರ ಶೇ 18. ಇದು ನೇರವಾಗಿ ಲೆಡ್ಜರ್‌ಗೆ ಬೀಳುತ್ತದೆ. ಎಷ್ಟು ಷೇರು ಮಾರಿದಿರಿ ಎಂಬುದು ಇದಕ್ಕೆ ಮುಖ್ಯವಲ್ಲ. ಒಂದು ಕಂಪನಿಯ ಷೇರನ್ನು ಒಂದು ದಿನ ಮಾರಿದ್ದಕ್ಕೆ ಒಂದು ಸಲ. ಹತ್ತು ಷೇರನ್ನು ದಿನಕ್ಕೆರಡರಂತೆ ಐದು ದಿನ ಮಾರಿದವರು ಐದು ಸಲ ಕೊಡುತ್ತಾರೆ. ಬೆಲೆ ಏರಲಿ ಎಂದು ಚೂರುಚೂರಾಗಿ ಮಾರುವ ಸಣ್ಣ ಹೂಡಿಕೆದಾರರು ಗಮನಿಸಬೇಕಾದದ್ದು ಇದನ್ನೇ.

ಇನ್ನು ವಾರ್ಷಿಕ ನಿರ್ವಹಣಾ ಶುಲ್ಕ, ಎಲ್ಲರೂ ಎಎಂಸಿ ಎನ್ನುವುದು. ಶಿಕ್ಷಕಿಯ ಖಾತೆಗೆ ಅದು 300 ರೂ. ಮತ್ತು ಜಿಎಸ್‌ಟಿ 54 ರೂ., ಒಟ್ಟು 354. ‘ಮೊದಲ ವರ್ಷ ಉಚಿತ’ ಎಂದಿದ್ದರಿಂದ ಅವರಿಗೆ ಅದರ ನೆನಪೇ ಇರಲಿಲ್ಲ. ಈ ಶುಲ್ಕಕ್ಕೂ ವಹಿವಾಟಿಗೂ ಸಂಬಂಧವಿಲ್ಲ. ಷೇರು ಇರಲಿ ಬಿಡಲಿ, ಖಾತೆ ತೆರೆದಿದ್ದರೆ ಸಾಕು. ಕೆಲವರು ವರ್ಷಕ್ಕೊಮ್ಮೆ, ಕೆಲವರು ಮೂರು ತಿಂಗಳಿಗೊಮ್ಮೆ ಲೆಡ್ಜರ್‌ನಲ್ಲಿ ಖರ್ಚು ಹಾಕುತ್ತಾರೆ. ಹಾಗಾಗಿ 113 ರೂಪಾಯಿ ಲಾಭ ವರ್ಷದ ಕೊನೆಗೆ 240 ರೂಪಾಯಿ ನಷ್ಟವಾಯಿತು. ಷೇರಿನ ಬೆಲೆ ಏರಿಯೇ ಇತ್ತು.

ಇದರಿಂದ ಪಾರಾಗಲು ನಿಯಮದಲ್ಲೇ ದಾರಿಯಿದೆ, ಹೆಸರು ಬೇಸಿಕ್ ಸರ್ವಿಸಸ್ ಡಿಮ್ಯಾಟ್ ಅಕೌಂಟ್, ಚಿಕ್ಕದಾಗಿ ಬಿಎಸ್‌ಡಿಎ. ಸೆಬಿ ಇದರ ಮಿತಿಯನ್ನು 2024ರ ಸೆಪ್ಟೆಂಬರ್ 1ರಿಂದ ಹೆಚ್ಚಿಸಿತು. ಖಾತೆಯಲ್ಲಿರುವ ಷೇರು, ಬಾಂಡ್ ಇತ್ಯಾದಿಯ ಬೆಲೆ 4 ಲಕ್ಷ ದಾಟದಿದ್ದರೆ ಎಎಂಸಿ ಇಲ್ಲವೇ ಇಲ್ಲ. 4 ಲಕ್ಷದಿಂದ 10 ಲಕ್ಷದವರೆಗೆ ವರ್ಷಕ್ಕೆ 100 ರೂ. ಅದನ್ನೂ ದಾಟಿದರೆ ಆ ದಿನದಿಂದ ಸಾಮಾನ್ಯ ಖಾತೆಯ ದರ. ಐದು ಸಾವಿರ ಹೂಡಿದ ಶಿಕ್ಷಕಿ 354 ರೂಪಾಯಿ ಕೊಡುವ ಅಗತ್ಯವೇ ಇರಲಿಲ್ಲ.

ಷರತ್ತು ಒಂದಿದೆ, ಬಹಳ ಜನ ಎಡವುವುದು ಅಲ್ಲೇ. ಒಂಟಿಯಾಗಿ ಅಥವಾ ಜಂಟಿ ಖಾತೆಯ ಮೊದಲ ಹೆಸರಾಗಿ ನಿಮಗೆ ಇಡೀ ದೇಶದಲ್ಲಿ ಒಂದೇ ಡಿಮ್ಯಾಟ್ ಖಾತೆ ಇರಬೇಕು. ಹಿಂದೆ ಯಾವುದೋ ಐಪಿಒಗೆಂದು ಬ್ಯಾಂಕಿನಲ್ಲಿ ತೆರೆದು ಮರೆತ ಖಾತೆಯೊಂದಿದ್ದು, ಈಗ ಮೊಬೈಲ್ ಆ್ಯಪ್‌ನಲ್ಲಿ ಇನ್ನೊಂದು ತೆರೆದಿದ್ದರೆ ಎರಡಕ್ಕೂ ಈ ಸೌಲಭ್ಯವಿಲ್ಲ. ಮರೆತ ಖಾತೆ ತನ್ನ ಎಎಂಸಿಯನ್ನಂತೂ ತಿನ್ನುತ್ತದೆ, ಜೊತೆಗೆ ಇನ್ನೊಂದರ ರಿಯಾಯಿತಿಯನ್ನೂ ಕಳೆಯುತ್ತದೆ. ಬಳಸದ ಖಾತೆಯಲ್ಲಿ ಬಾಕಿ ಏರುತ್ತಲೇ ಹೋಗುತ್ತದೆ; ಮುಚ್ಚಲು ಹೋದಾಗ ಮೊದಲು ಅದನ್ನು ಕಟ್ಟಿ ಎನ್ನುತ್ತಾರೆ.

ನಿಮ್ಮದು ಯಾವ ಬಗೆಯ ಖಾತೆ ಎಂದು ತಿಳಿಯಲು ಕ್ಲೈಂಟ್ ಮಾಸ್ಟರ್ ರಿಪೋರ್ಟ್ ಕೇಳಿ ಪಡೆಯಿರಿ. ಬಿಎಸ್‌ಡಿಎ ಹೌದೋ ಅಲ್ಲವೋ ಎಂದು ಅದರಲ್ಲಿ ನಮೂದಾಗಿರುತ್ತದೆ. ಡಿಪಾಸಿಟರಿ ಇಮೇಲಿಗೆ ಕಳಿಸುವ ಕನ್ಸಾಲಿಡೇಟೆಡ್ ಸ್ಟೇಟ್‌ಮೆಂಟಿನಲ್ಲಿ ನಿಮ್ಮ ಪ್ಯಾನ್‌ಗೆ ಸೇರಿದ ಖಾತೆಗಳೆಲ್ಲ ಸಾಲಾಗಿ ಕಾಣುತ್ತವೆ. ಮರೆತದ್ದು ಸಿಗುವುದೂ ಅಲ್ಲೇ. ಅರ್ಹತೆಯಿದ್ದೂ ಎಎಂಸಿ ಹಿಡಿಯುತ್ತಿದ್ದರೆ ಬ್ರೋಕರ್‌ಗೆ ಇಮೇಲ್ ಬರೆದು ಬಿಎಸ್‌ಡಿಎಗೆ ಬದಲಿಸಲು ಕೇಳಿ. ಫೋನಿನಲ್ಲಿ ಹೇಳಿದರೆ ದಾಖಲೆ ಉಳಿಯುವುದಿಲ್ಲ. ಉತ್ತರ ಸರಿಯಿಲ್ಲದಿದ್ದರೆ ಸೆಬಿಯ ಸ್ಕೋರ್ಸ್ ಜಾಲತಾಣದಲ್ಲಿ ದೂರು ಕೊಡಬಹುದು. ಅಲ್ಲಿ ಲೆಡ್ಜರ್‌ನ ಪ್ರತಿ ಮತ್ತು ಕಾಂಟ್ರಾಕ್ಟ್ ನೋಟ್ ಎರಡನ್ನೂ ಜೋಡಿಸಿ.

ಬೇಡವಾದ ಖಾತೆಯನ್ನು ಮುಚ್ಚುವುದಕ್ಕೆ ಶುಲ್ಕವಿಲ್ಲ. ಅದರಲ್ಲಿರುವ ನಾಲ್ಕಾರು ಷೇರನ್ನು ನಿಮ್ಮದೇ ಹೆಸರಿನ ಇನ್ನೊಂದು ಖಾತೆಗೆ ಸಾಗಿಸಿ ಮುಚ್ಚಿದರೆ ಆ ವರ್ಗಾವಣೆಗೂ ಹಣ ಹಿಡಿಯುವಂತಿಲ್ಲ. ವರ್ಷಕ್ಕೆಂದು ಮುಂಗಡ ಕಟ್ಟಿದ ಎಎಂಸಿಯಲ್ಲಿ ಉಳಿದ ತ್ರೈಮಾಸಿಕಗಳ ಪಾಲನ್ನು ಅವರು ವಾಪಸ್ ಕೊಡಬೇಕು.