ಕಣ್ಣ ಕೆಳಗೆ ಉಬ್ಬೋ, ಗುಳಿಯೋ?

ಪ್ರಶ್ನೆ: ಕಣ್ಣ ಕೆಳಗಿನ ನೆರಳಿಗೆ ಫಿಲ್ಲರ್ ಚುಚ್ಚಿಸಿಕೊಳ್ಳಬಹುದೇ?
– ಓದುಗರು, ಗಳಗನಾಥ

ಉತ್ತರ: ಮೊದಲು ಕನ್ನಡಿ ಹಿಡಿದು, ಮುಖ ಅಲ್ಲಾಡಿಸದೆ ದೃಷ್ಟಿಯನ್ನಷ್ಟೇ ಮೇಲಕ್ಕೆತ್ತಿ. ಉಬ್ಬು ಎದ್ದು ಕಂಡರೆ ಅದು ಕಣ್ಣುಗುಡ್ಡೆಯ ಸುತ್ತಲಿನ ಕೊಬ್ಬು ಮುಂದಕ್ಕೆ ಬಂದದ್ದು. ಬೆಳಿಗ್ಗೆ ಊದಿ ಮಧ್ಯಾಹ್ನಕ್ಕೆ ಇಳಿಯುವುದಾದರೆ ಬರೀ ನೀರು. ರಾತ್ರಿ ಉಪ್ಪಿನಕಾಯಿ, ಹಪ್ಪಳ ಬಿಟ್ಟು, ತಲೆ ಎತ್ತರಿಸಿ ಮಲಗಿ ನೋಡಿ. ಕೊಬ್ಬಿನ ಉಬ್ಬಿಗೆ ಕ್ರೀಮು ನಾಟುವುದಿಲ್ಲ, ಕೆಳರೆಪ್ಪೆಯ ಶಸ್ತ್ರಚಿಕಿತ್ಸೆಯೇ ದಾರಿ.

ಉಬ್ಬಿಲ್ಲದೆ ತಗ್ಗು ಮಾತ್ರ ಇದ್ದು, ಕಿಟಕಿಗೆ ಮುಖಮಾಡಿ ನಿಂತಾಗ ನೆರಳು ತಿಳಿಯಾದರೆ ಅದು ಗುಳಿ. ಹೈಲುರಾನಿಕ್ ಆಮ್ಲದ ಫಿಲ್ಲರ್ ಹೊಂದುವುದು ಇದಕ್ಕೇ, ಅದೂ ಸ್ವಲ್ಪವೇ. ಉಬ್ಬಿದ ಕಣ್ಣಿಗೆ ಇದನ್ನು ತುಂಬಿದರೆ ನೀರು ಹಿಡಿದು ಊತ ಹೆಚ್ಚಬಹುದು. ಫಿಲ್ಲರ್ ರಕ್ತನಾಳ ಸೇರಿದರೆ, ಅಪರೂಪಕ್ಕಾದರೂ, ದೃಷ್ಟಿಯೇ ಹೋದೀತು. ಆದ್ದರಿಂದ ಬ್ಯೂಟಿ ಪಾರ್ಲರಿನಲ್ಲಿ ಬೇಡ. ಅದನ್ನು ಕರಗಿಸುವ ಹೈಲುರಾನಿಡೇಸ್ ಕೈಗೆಟುಕುವಂತಿಟ್ಟುಕೊಂಡ ಚರ್ಮತಜ್ಞರಲ್ಲಿ ಮಾತ್ರ ಮಾಡಿಸಿ.