ಬೇಕರಿ ಕೆಲಸದ ಹತ್ತು ಗಂಟೆ, ಕಾನೂನಿನ ಮೂರು ಓದು

ದಿನಕ್ಕೆ 10 ಗಂಟೆ, ವಾರಕ್ಕೆ 60 ಗಂಟೆ. ಬೇಕರಿ ಕಾರ್ಮಿಕರನ್ನು ಇದಕ್ಕಿಂತ ಹೆಚ್ಚು ದುಡಿಸಬಾರದೆಂದು ನ್ಯೂಯಾರ್ಕ್ ರಾಜ್ಯ 1895ರಲ್ಲಿ ಕಾನೂನು ತಂದಿತು. ಅದನ್ನು ಮುರಿದು ದಂಡ ತೆತ್ತ ಯುಟಿಕಾದ ಬೇಕರಿ ಮಾಲೀಕ ಜೋಸೆಫ್ ಲಾಕ್ನರ್ ಅಮೆರಿಕದ ಸುಪ್ರೀಂ ಕೋರ್ಟ್‌ವರೆಗೂ ಹೋದ. ಅಲ್ಲಿ 1905ರಲ್ಲಿ 5–4 ಮತಗಳಿಂದ ಗೆದ್ದ. ನ್ಯಾಯಶಾಸ್ತ್ರದ ಮೂರು ಪಂಥಗಳನ್ನು ಹೋಲಿಸುವ ಪ್ರಶ್ನೆಗೆ ಉತ್ತರ ಬರೆಯುವವರಿಗೆ ಈ ಒಂದೇ ಮೊಕದ್ದಮೆ ಸಾಕು.

ಬಹುಮತದ ತೀರ್ಪು ಬರೆದ ಪೆಕಮ್ ಅವರ ತರ್ಕ ಸರಳ: ಸಂವಿಧಾನ ಸ್ವಾತಂತ್ರ್ಯವನ್ನು ಕಾಪಾಡುತ್ತದೆ, ಕರಾರು ಮಾಡಿಕೊಳ್ಳುವುದೂ ಸ್ವಾತಂತ್ರ್ಯವೇ, ಕೆಲಸದ ಗಂಟೆಯ ಮಿತಿ ಆ ಕರಾರಿಗೆ ಅಡ್ಡಿ, ಆದ್ದರಿಂದ ಕಾನೂನು ಅಸಿಂಧು. ತತ್ತ್ವದಿಂದ ತೀರ್ಪಿನವರೆಗೆ ಮೆಟ್ಟಿಲಿಳಿದಂತೆ ಬರುವ ಈ ರೀತಿಯೇ ರೂಪನಿಷ್ಠ ವಾದ. ಇಲ್ಲೊಂದು ಎಚ್ಚರ ಬೇಕು. ವಿದ್ಯಾರ್ಥಿಗಳು ಆಸ್ಟಿನ್‌ನನ್ನೂ ಇದೇ ಸಾಲಿಗೆ ತಳ್ಳಿಬಿಡುತ್ತಾರೆ. ಕಾನೂನೆಂದರೆ ಸಾರ್ವಭೌಮನ ಆಜ್ಞೆ ಎಂದ ಆಸ್ಟಿನ್, ನ್ಯಾಯಾಧೀಶರೂ ಕಾನೂನು ರಚಿಸುತ್ತಾರೆಂದು ಒಪ್ಪಿದ್ದ. ಕಾನೂನಿನ ರೂಪವನ್ನು ವಿಶ್ಲೇಷಿಸುವುದು ಬೇರೆ, ತೀರ್ಪು ತರ್ಕದಿಂದ ತಾನಾಗಿ ಹುಟ್ಟುತ್ತದೆ ಎನ್ನುವುದು ಬೇರೆ.

ರಾಸ್ಕೋ ಪೌಂಡ್ 1909ರಲ್ಲಿ ಕೇಳಿದ್ದು ಮತ್ತೊಂದು ಪ್ರಶ್ನೆ: ಕೂಲಿಯಾಳಿಗೂ ಮಾಲೀಕನಿಗೂ ಕರಾರಿನಲ್ಲಿ ನಿಜಕ್ಕೂ ಸಮಬಲ ಇದೆಯೇ? ಕಾನೂನು ಸಮಾಜದಲ್ಲಿ ಏನು ಮಾಡುತ್ತದೆ ಎಂಬುದನ್ನು ನೋಡಿ, ಪರಸ್ಪರ ತಿಕ್ಕಾಡುವ ಹಿತಗಳನ್ನು ತೂಗಬೇಕೆಂಬುದು ಸಮಾಜಶಾಸ್ತ್ರೀಯ ಪಂಥದ ನಿಲುವು. ನ್ಯಾಯಾಲಯದಲ್ಲಿ ಇದಕ್ಕೆ ಹತ್ತಿರದ ಮಾದರಿ ಅದಕ್ಕೂ ಮುಂಚೆ, 1908ರಲ್ಲಿ, ವಕೀಲ ಬ್ರಾಂಡೈಸ್ ಸಲ್ಲಿಸಿದ್ದ ವಾದಪತ್ರ. ಮಹಿಳೆಯರ ದುಡಿಮೆಯ ಗಂಟೆಗಳಿಗೆ ಒರೆಗನ್ ರಾಜ್ಯ ಹಾಕಿದ್ದ ಮಿತಿಯನ್ನು ಅದು ಸಮರ್ಥಿಸಿತ್ತು. ನೂರಕ್ಕೂ ಹೆಚ್ಚು ಪುಟಗಳ ಆ ಪತ್ರದಲ್ಲಿ ಕಾನೂನಿನ ಚರ್ಚೆ ಎರಡೇ ಪುಟದಷ್ಟು, ಉಳಿದದ್ದೆಲ್ಲ ಆರೋಗ್ಯ ಮತ್ತು ದುಡಿಮೆಯ ಕುರಿತ ವರದಿಗಳು. ಕಾನೂನು ಉಳಿಯಿತು. ಆದರೆ ಹೆಣ್ಣು ದುರ್ಬಲಳೆಂಬ ಅಂದಿನ ನಂಬಿಕೆಯನ್ನೂ ಆ ವರದಿಗಳು ಹೊತ್ತು ತಂದಿದ್ದವು. ಅಂಕಿಅಂಶಕ್ಕೂ ಪಕ್ಷಪಾತ ಅಂಟಿರುತ್ತದೆ ಎಂಬ ಈ ಮಿತಿಯನ್ನು ಉತ್ತರದಲ್ಲಿ ಬರೆದವರು ಕಡಿಮೆ.

ವಾಸ್ತವವಾದಿಗಳು ಇನ್ನೂ ಮುಂದೆ ಹೋದರು. ಲಾಕ್ನರ್ ತೀರ್ಪಿಗೆ ಭಿನ್ನಮತ ಬರೆದ ಹೋಮ್ಸ್, ಸಾಮಾನ್ಯ ತತ್ತ್ವಗಳು ತಾವಾಗಿ ಮೊಕದ್ದಮೆ ತೀರ್ಮಾನಿಸಲಾರವು ಎಂದಿದ್ದರು. ಹಾಗಾದರೆ ತೀರ್ಮಾನಿಸುವುದು ಯಾವುದು? ಲೆವೆಲಿನ್ ನಿಯಮದ ಮಾತನ್ನು ನಂಬದೆ ನ್ಯಾಯಾಲಯಗಳ ನಡೆಯನ್ನು ಗಮನಿಸಿದರು. ಜೆರೋಮ್ ಫ್ರಾಂಕ್ ಅನುಮಾನಿಸಿದ್ದು ಸಾಕ್ಷ್ಯವನ್ನು: ಸಾಕ್ಷಿ ತಪ್ಪಿ ನುಡಿದರೆ, ನ್ಯಾಯಾಧೀಶರು ತಪ್ಪಾಗಿ ನಂಬಿದರೆ, ನಿಯಮ ಎಷ್ಟು ಖಚಿತವಿದ್ದರೇನು? ಪೌಂಡ್‌ಗೆ ಇದು ಅತಿಯೆನಿಸಿತು. 1931ರಲ್ಲಿ ಅವರಿಗೂ ಲೆವೆಲಿನ್‌ಗೂ ಬಹಿರಂಗ ವಾಗ್ವಾದವೇ ನಡೆಯಿತು. ಇಬ್ಬರನ್ನೂ ಒಂದೇ ಪಂಥವೆಂದು ಬರೆದರೆ ಅಂಕ ಹೋದಂತೆಯೇ.

ವಾಸ್ತವವಾದಕ್ಕೆ ಗಟ್ಟಿ ಆಕ್ಷೇಪ 1961ರಲ್ಲಿ ಹಾರ್ಟ್ ಅವರಿಂದ ಬಂತು. ನ್ಯಾಯಾಲಯ ಏನು ಮಾಡೀತೆಂಬ ಊಹೆಯೇ ಕಾನೂನು ಎನ್ನುವುದು ವಕೀಲನಿಗೆ ಸರಿಹೋದೀತು. ಪೀಠದ ಮೇಲಿರುವ ನ್ಯಾಯಾಧೀಶರು ಮಾತ್ರ ತಮ್ಮ ತೀರ್ಪನ್ನು ತಾವೇ ಊಹಿಸುತ್ತ ಕೂರುವುದಿಲ್ಲ. ಅವರು ನಿಯಮವನ್ನೇ ತಮ್ಮ ತೀರ್ಪಿಗೆ ಕಾರಣವಾಗಿ ಹಿಡಿಯುತ್ತಾರೆ.