ಗುಂಗುರು ಕೂದಲು ಮತ್ತು ಒಣ ಕತ್ತರಿ: ಸುರುಳಿ ಸುರುಳಿಗೂ ಬೇರೆ ಲೆಕ್ಕ

ಗುಂಗುರು ಕೂದಲಿಗೆ ಎರಡು ಉದ್ದಗಳಿರುತ್ತವೆ. ಎಳೆಯ ತುದಿಯನ್ನು ಹಿಡಿದು ನೇರವಾಗಿ ಎಳೆದಾಗ ಸಿಗುವುದು ಒಂದು, ಕೈಬಿಟ್ಟ ಮೇಲೆ ಅದು ಸುತ್ತಿಕೊಂಡು ನಿಲ್ಲುವುದು ಇನ್ನೊಂದು. ಕನ್ನಡಿಯಲ್ಲಿ ಕಾಣುವುದು ಎರಡನೆಯ ಉದ್ದ. ಪಾರ್ಲರ್‌ನಲ್ಲಿ ತಲೆ ಒದ್ದೆ ಮಾಡಿ, ಬಾಚಣಿಗೆಯಿಂದ ಎಳೆದು ಕತ್ತರಿಸುವಾಗ ಕೈಗೆ ಸಿಗುವುದು ಮೊದಲನೆಯದು. ಇವೆರಡರ ನಡುವಿನ ಅಂತರವೇ ಕುಗ್ಗುವಿಕೆ. ಅಳೆಯುವುದು ಸುಲಭ. ತೊಳೆದು ಪೂರ್ತಿ ಒಣಗಿದ ಒಂದು ಸುರುಳಿಯನ್ನು ಇದ್ದ ಹಾಗೆಯೇ ಬುಡದಿಂದ ತುದಿಯವರೆಗೆ ಅಳೆಯಬೇಕು, ಆಮೇಲೆ ಎಳೆದು ಅಳೆಯಬೇಕು. ಎಳೆದಾಗ 10 ಇಂಚು, ಬಿಟ್ಟಾಗ 6 ಇಂಚು ಬಂದರೆ ಆ ಸುರುಳಿ ಶೇ 40ರಷ್ಟು ಕುಗ್ಗುತ್ತದೆ ಎಂದರ್ಥ. ಅಲೆಯಲೆಯಾಗಿ ಇಳಿಯುವ ಕೂದಲಲ್ಲಿ ಇದು ಕಡಿಮೆ. ಬಳೆಯಷ್ಟು ಅಗಲದ ಸಡಿಲ ಸುರುಳಿಗಿಂತ ಬೆರಳಿಗೆ ಸುತ್ತುವಷ್ಟು ಬಿಗಿಯಾದ ಸುರುಳಿಯಲ್ಲಿ ಹೆಚ್ಚು. ಅತಿ ಬಿಗಿ ಸುರುಳಿಯ ಕೂದಲು ತನ್ನ ಅರ್ಧಕ್ಕಿಂತ ಹೆಚ್ಚು ಉದ್ದವನ್ನು ಒಳಗೇ ಬಚ್ಚಿಟ್ಟುಕೊಳ್ಳುತ್ತದೆ.

ಒದ್ದೆ ಕೂದಲು ಉದ್ದವಾಗಿ ಕಾಣುವುದಕ್ಕೆ ಕಾರಣ ಕೂದಲಿನ ಒಳರಚನೆಯಲ್ಲಿದೆ. ಕೂದಲು ಕೆರಾಟಿನ್ ಎಂಬ ಪ್ರೋಟೀನಿನದು. ಅದರ ಸರಪಳಿಗಳನ್ನು ಹಿಡಿದಿಡುವ ಬಂಧಗಳಲ್ಲಿ ಗಂಧಕದ ಬಂಧಗಳು ನೀರಿಗೆ ಜಗ್ಗುವುದಿಲ್ಲ. ಹೈಡ್ರೋಜನ್ ಬಂಧಗಳು ಮಾತ್ರ ನೀರು ತಗಲಿದೊಡನೆ ಸಡಿಲಗೊಳ್ಳುತ್ತವೆ. ಇದರ ಜೊತೆಗೆ ಕೂದಲು ತನ್ನ ತೂಕದ ಸುಮಾರು ಶೇ 30ರಷ್ಟು ನೀರನ್ನು ಹೀರಿಕೊಳ್ಳುತ್ತದೆ, ಎಳೆಗಳ ನಡುವೆ ನಿಂತ ನೀರಿನ ಭಾರ ಬೇರೆ. ಸಡಿಲಗೊಂಡ ಸುರುಳಿ ಆ ಭಾರಕ್ಕೆ ಜೋತುಬೀಳುತ್ತದೆ, ಬಾಚಣಿಗೆಯ ಎಳೆತ ಅದನ್ನು ಇನ್ನಷ್ಟು ಚಾಚುತ್ತದೆ. ನೀರು ಆರುತ್ತಿದ್ದಂತೆ ಹೈಡ್ರೋಜನ್ ಬಂಧಗಳು ಮತ್ತೆ ಕೂಡಿಕೊಂಡು ಎಳೆ ತನ್ನ ಹುಟ್ಟುಬಾಗಿಗೆ ಮರಳುತ್ತದೆ. ಕತ್ತರಿ ಹಾಕುವಾಗ ಕಂಡ ಗೆರೆ ಆಗ ಇದ್ದಲ್ಲಿ ಉಳಿಯುವುದಿಲ್ಲ.

ಗೆರೆ ಎಲ್ಲ ಕಡೆಯೂ ಒಂದೇ ಪ್ರಮಾಣದಲ್ಲಿ ಮೇಲೆ ಸರಿದಿದ್ದರೆ ತೊಂದರೆ ಇರುತ್ತಿರಲಿಲ್ಲ, ಎರಡು ಇಂಚು ಹೆಚ್ಚಿಗೆ ಬಿಟ್ಟು ಕತ್ತರಿಸಿದರೆ ಮುಗಿಯುತ್ತಿತ್ತು. ಆದರೆ ಒಂದೇ ತಲೆಯಲ್ಲಿ ನಾಲ್ಕಾರು ಬಗೆಯ ಸುರುಳಿಗಳಿರುವುದೇ ಸಾಮಾನ್ಯ. ಎಷ್ಟೋ ಜನರಿಗೆ ನೆತ್ತಿಯ ಕೂದಲು ಬಿಗಿ, ಹೆಡತಲೆಯದು ಸಡಿಲ. ಕೆಲವರಿಗೆ ಇದು ತಿರುವುಮುರುವು. ಹಣೆಯಂಚಿನ ಎಳೆಗಳ ಸ್ವಭಾವ ಮತ್ತೂ ಬೇರೆ.

ಭುಜದವರೆಗೆ ಕೂದಲು ಬೇಕೆಂದು ಬಂದ ಒಬ್ಬ ಯುವತಿಯ ತಲೆಯನ್ನು ಮಾದರಿಯಾಗಿ ಇಟ್ಟುಕೊಳ್ಳಬಹುದು. ಹೆಡತಲೆಯಿಂದ ಭುಜಕ್ಕೆ 5 ಇಂಚು, ಕಿವಿಯ ಮೇಲ್ಭಾಗದಿಂದ 8 ಇಂಚು, ನೆತ್ತಿಯಿಂದ ತಲೆಯ ಬಾಗಿನ ಮೇಲೆ ಹಾದುಬಂದರೆ 13 ಇಂಚು ದೂರವಿದೆ ಎನ್ನೋಣ. ಹೆಡತಲೆಯ ಕೂದಲು ಶೇ 25ರಷ್ಟು, ಕಿವಿಯ ಬಳಿಯದು ಶೇ 35ರಷ್ಟು, ನೆತ್ತಿಯದು ಶೇ 45ರಷ್ಟು ಕುಗ್ಗುತ್ತದೆ. ಒದ್ದೆ ಮಾಡಿ, ಬಾಚಿ, ಭುಜದ ಮಟ್ಟಕ್ಕೆ ಒಂದೇ ಗೆರೆಯಲ್ಲಿ ಕತ್ತರಿಸಿದರೆ ಆ ಕ್ಷಣಕ್ಕೆ ಕೆಲಸ ಅಚ್ಚುಕಟ್ಟಾಗಿಯೇ ಕಾಣುತ್ತದೆ. ಒಣಗಿದ ಮೇಲೆ ಹೆಡತಲೆಯ ಎಳೆ 5ರಿಂದ 3.75 ಇಂಚಿಗೆ ಇಳಿಯುತ್ತದೆ, ಅಂದರೆ ಭುಜಕ್ಕಿಂತ ಒಂದೂಕಾಲು ಇಂಚು ಮೇಲೆ ನಿಲ್ಲುತ್ತದೆ. ಕಿವಿಯ ಬಳಿಯದು 8ರಿಂದ 5.2 ಇಂಚಿಗೆ ಬರುತ್ತದೆ. ನೆತ್ತಿಯ ಎಳೆ ಮಾತ್ರ 13ರಿಂದ ಸುಮಾರು 7 ಇಂಚಿಗೆ ಕುಗ್ಗಿ, ಹೆಚ್ಚುಕಡಿಮೆ ಕಿವಿಯ ಮಟ್ಟದಲ್ಲೇ ನಿಂತುಬಿಡುತ್ತದೆ. ಕೆಳಗಿನ ಪದರ ಒಂದೂಕಾಲು ಇಂಚು ಕಳೆದುಕೊಂಡರೆ ಮೇಲಿನದು ಆರು ಇಂಚು ಕಳೆದುಕೊಂಡಿದೆ. ಮೇಲಿನ ಕೂದಲು ಕೊಡೆಯಂತೆ ಅಗಲಕ್ಕೆ ಹರಡಿಕೊಂಡು, ಅದರಡಿಯಿಂದ ಕೆಳಪದರ ತೆಳ್ಳಗೆ ಇಣುಕುತ್ತದೆ.

ಹಣೆಯ ಮುಂಗುರುಳಿನಲ್ಲಿ ತಪ್ಪು ಇನ್ನೂ ಬೇಗ ಬಯಲಾಗುತ್ತದೆ, ಅಲ್ಲಿ ಮುಚ್ಚಿಡಲು ಬೇರೆ ಕೂದಲಿರುವುದಿಲ್ಲ. ಕೂದಲಂಚಿನಿಂದ ಹುಬ್ಬಿಗೆ ಎರಡೂವರೆ ಇಂಚು ಇದ್ದು ಮುಂಗುರುಳು ಶೇ 40ರಷ್ಟು ಕುಗ್ಗುವುದಾದರೆ, ಒಣಗಿದಾಗ ಅದು ಹುಬ್ಬಿಗೆ ಮುಟ್ಟಬೇಕೆಂದರೆ ಎಳೆದಾಗ 4 ಇಂಚಿಗೂ ತುಸು ಹೆಚ್ಚು ಉದ್ದ ಇರಬೇಕು. ಒದ್ದೆಯಲ್ಲಿ ಹುಬ್ಬಿಗೆ ಸರಿಯಾಗಿ ಕತ್ತರಿಸಿದ್ದು ಒಣಗಿದ ಮೇಲೆ ಹಣೆಯ ನಡುವೆ ನಿಲ್ಲುತ್ತದೆ.

ಇಲ್ಲಿ ಗಿರಾಕಿಯ ಮಾತೂ ಮುಖ್ಯವಾಗುತ್ತದೆ. ‘ಎರಡು ಇಂಚು ತೆಗೆಯಿರಿ’ ಎನ್ನುವುದಕ್ಕೂ ‘ಭುಜದವರೆಗೆ ಇರಲಿ’ ಎನ್ನುವುದಕ್ಕೂ ಗುಂಗುರು ಕೂದಲಲ್ಲಿ ದೊಡ್ಡ ವ್ಯತ್ಯಾಸವಿದೆ. ಶೇ 40ರಷ್ಟು ಕುಗ್ಗುವ ಕೂದಲಲ್ಲಿ ಎಳೆದು ಎರಡು ಇಂಚು ಕತ್ತರಿಸಿದರೆ ಕಣ್ಣಿಗೆ ಕಾಣುವಂತೆ ಕಡಿಮೆಯಾಗುವುದು ಒಂದೂಕಾಲು ಇಂಚಿನಷ್ಟೇ. ಸುರುಳಿ ಇದ್ದ ಹಾಗೆಯೇ ಎರಡು ಇಂಚು ತೆಗೆದರೆ ಬುಟ್ಟಿಗೆ ಬೀಳುವುದು ಮೂರು ಇಂಚಿಗೂ ಹೆಚ್ಚು ಕೂದಲು. ಆದ್ದರಿಂದ ಇಂಚಿನ ಲೆಕ್ಕ ಹೇಳುವುದಕ್ಕಿಂತ, ಒಣಗಿದಾಗ ಕೂದಲು ಎಲ್ಲಿಗೆ ಬರಬೇಕು ಎಂದು ಗಲ್ಲ, ಕತ್ತು, ಭುಜ, ತೋಳನ್ನು ಮುಟ್ಟಿ ತೋರಿಸುವುದೇ ಒಳ್ಳೆಯದು.

ಒದ್ದೆ ಮಾಡಿ ಕತ್ತರಿಸುವ ಪದ್ಧತಿಯನ್ನು ತಪ್ಪೆನ್ನುವಂತಿಲ್ಲ. 1960ರ ದಶಕದಲ್ಲಿ ಲಂಡನ್ನಿನ ವಿಡಾಲ್ ಸಸೂನ್ ರೂಢಿಗೆ ತಂದ ಜ್ಯಾಮಿತೀಯ ಕಟ್‌ಗಳು ನಿಖರ ಗೆರೆ, ಸಮನಾದ ಎಳೆತ, ನಯವಾಗಿ ಬೀಳುವ ಕೂದಲನ್ನು ನೆಚ್ಚಿದ್ದವು. ನೇರ ಕೂದಲಿಗೆ ಅದು ಸರಿಹೊಂದುತ್ತದೆ. ಅದೇ ಪಾಠವನ್ನು ಗುಂಗುರು ಕೂದಲಿಗೂ ಹೇರಿದ್ದರಿಂದ ಎಡವಟ್ಟಾಯಿತು. ಒಣ ಕೂದಲನ್ನು ಸುರುಳಿ ಸುರುಳಿಯಾಗಿ ಕತ್ತರಿಸುವ ಕ್ರಮವನ್ನು 1990ರ ದಶಕದಿಂದೀಚೆಗೆ ಹೆಚ್ಚು ಪ್ರಚಾರಕ್ಕೆ ತಂದವರು ಇಂಗ್ಲೆಂಡ್ ಮೂಲದ ಲೊರೇನ್ ಮ್ಯಾಸಿ. ನ್ಯೂಯಾರ್ಕಿನ ಡೇವಾಚಾನ್ ಸಲೂನಿನ ಸ್ಥಾಪಕರಲ್ಲಿ ಅವರೂ ಒಬ್ಬರು, ಅವರದೂ ಗುಂಗುರು ಕೂದಲೇ.

ಈ ಕ್ರಮದಲ್ಲಿ ಅರ್ಧ ಕೆಲಸ ಪಾರ್ಲರಿಗೆ ಹೋಗುವ ಮೊದಲೇ ಆಗಬೇಕು. ಕೂದಲನ್ನು ತೊಳೆದು, ಕಂಡೀಷನರ್ ಹಚ್ಚಿ ಸಿಕ್ಕು ಬಿಡಿಸಿ, ಬಾಚಣಿಗೆ ತಾಗಿಸದೆ ಪೂರ್ತಿ ಒಣಗಿಸಿರಬೇಕು. ದಿನನಿತ್ಯ ಕೂದಲನ್ನು ಹೇಗೆ ಬಿಡುತ್ತಾರೋ ಹಾಗೆಯೇ, ದಿನವೂ ತೆಗೆಯುವ ಕಡೆಯೇ ಬೈತಲೆ ತೆಗೆದು ಬರಬೇಕು. ಎಣ್ಣೆ ಹಚ್ಚಿದ ತಲೆಯಲ್ಲಿ ಎಳೆಗಳು ಅಂಟಿಕೊಂಡು ಭಾರಕ್ಕೆ ಇಳಿಬೀಳುವುದರಿಂದ ಸುರುಳಿಯ ನಿಜವಾದ ಅಳತೆ ಸಿಗುವುದಿಲ್ಲ. ಜಡೆ ಹಾಕಿದ ಅಥವಾ ಕ್ಲಿಪ್ ಬಿಗಿದ ಗುರುತು ಉಳಿದಿದ್ದರೂ ಅಷ್ಟೇ. ಬುಡದಲ್ಲಿ ಇನ್ನೂ ತೇವವಿದ್ದರೆ ಕಾಯುವುದು ಲೇಸು.

ಕುರ್ಚಿಯಲ್ಲಿ ಕೂತ ಮೇಲೂ ಕತ್ತರಿ ತಕ್ಷಣ ಹೊರಬರುವುದಿಲ್ಲ. ತಲೆ ನೇರವಾಗಿರಬೇಕು, ಕತ್ತು ಬಗ್ಗಿಸಿದರೆ ಹೆಡತಲೆಯ ಚರ್ಮ ಹಿಗ್ಗಿ ಕೂದಲಿನ ಮಟ್ಟ ಬದಲಾಗುತ್ತದೆ. ಸುತ್ತಲೂ ನಿಂತು ನೋಡಿ, ಅಲ್ಲಲ್ಲಿ ಒಂದೊಂದು ಸುರುಳಿಯನ್ನು ಎಳೆದು ಬಿಟ್ಟು, ಎಲ್ಲಿ ಎಷ್ಟು ಕುಗ್ಗುತ್ತದೆ ಎಂಬುದನ್ನು ಮೊದಲು ತಿಳಿದುಕೊಳ್ಳಬೇಕು. ಆಮೇಲೆ ಒಟ್ಟಿಗೆ ಸುತ್ತಿಕೊಂಡಿರುವ ಎಳೆಗಳ ಒಂದು ಗೊಂಚಲನ್ನು ಬೆರಳುಗಳ ನಡುವೆ ಹಗುರವಾಗಿ ಹಿಡಿಯಬೇಕು. ಎಳೆಯಬಾರದು, ಎಳೆದರೆ ಒದ್ದೆ ಕೂದಲು ಕತ್ತರಿಸಿದ್ದಕ್ಕೂ ಇದಕ್ಕೂ ವ್ಯತ್ಯಾಸ ಉಳಿಯುವುದಿಲ್ಲ. ಸುರುಳಿಯ ಬಾಗು ಒಳಕ್ಕೆ ತಿರುಗಿಕೊಳ್ಳುವ ಜಾಗ ನೋಡಿ ಅಲ್ಲಿ ಕತ್ತರಿಸಿದರೆ ತುದಿ ಮತ್ತೆ ಒಳಕ್ಕೇ ಮಡಚಿಕೊಳ್ಳುತ್ತದೆ. ಬಾಗು ಹೊರಕ್ಕೆ ಉಬ್ಬಿದಲ್ಲಿ ಕತ್ತರಿಸಿದರೆ ತುದಿ ಸೆಟೆದು ನಿಲ್ಲುತ್ತದೆ. ಮೊದಲ ಸಲಕ್ಕೆ ಅರ್ಧ ಇಂಚಿಗಿಂತ ಹೆಚ್ಚು ತೆಗೆಯದೆ, ಬಿಟ್ಟು, ಸುರುಳಿ ಎಷ್ಟು ಮೇಲೆ ಹೋಯಿತೆಂದು ನೋಡಿ ಮುಂದುವರಿಯಬೇಕು.

ಹೀಗೆ ನೋಡುತ್ತ ಹೋಗುವುದಕ್ಕೆ ಬಲವಾದ ಕಾರಣವಿದೆ. ತುದಿ ಹೋದಾಗ ಉದ್ದದ ಜೊತೆಗೆ ಭಾರವೂ ಹೋಗುತ್ತದೆ. ಉದ್ದ ಕೂದಲಲ್ಲಿ ಕೆಳಗಿನ ಭಾರ ಮೇಲಿನ ಸುರುಳಿಯನ್ನು ಹಿಗ್ಗಿಸಿ ಹಿಡಿದಿರುತ್ತದೆ, ಅದು ಇಳಿದೊಡನೆ ಉಳಿದ ಭಾಗ ಇನ್ನಷ್ಟು ಬಿಗಿಯುತ್ತದೆ. ಸೊಂಟದವರೆಗಿನ ಕೂದಲನ್ನು ಒಮ್ಮೆಲೇ ಭುಜಕ್ಕೆ ತರಿಸಿಕೊಂಡವರಿಗೆ ಶೇ 25 ಇದ್ದ ಕುಗ್ಗುವಿಕೆ ಶೇ 35 ಆದರೂ ಆಶ್ಚರ್ಯವಿಲ್ಲ. ಹಳೆಯ ಅಳತೆಯ ಲೆಕ್ಕ ಅಲ್ಲಿ ನಡೆಯುವುದಿಲ್ಲ. ದೊಡ್ಡ ಬದಲಾವಣೆ ಬೇಕಿದ್ದರೆ ಬಯಸಿದ ಮಟ್ಟಕ್ಕಿಂತ ಎರಡು ಮೂರು ಇಂಚು ಕೆಳಗೇ ನಿಲ್ಲಿಸಿ, ಒಂದೆರಡು ಸಲ ತೊಳೆದು ಒಣಗಿಸಿ ನೋಡಿ, ಆಮೇಲೆ ಉಳಿದದ್ದನ್ನು ತೆಗೆಸುವುದು ಜಾಣತನ.

ಪೂರ್ತಿ ತಲೆ ಮುಗಿದ ಮೇಲೆ ಕೂದಲನ್ನು ತೊಳೆದು, ಮತ್ತೆ ಒಣಗಿಸಿ, ಗುಂಪು ಬಿಟ್ಟು ಚಾಚಿಕೊಂಡ ಸುರುಳಿಗಳನ್ನಷ್ಟೇ ಇನ್ನೊಮ್ಮೆ ಸವರಬೇಕು. ಇದೆಲ್ಲ ಒಂದೂವರೆ ಎರಡು ಗಂಟೆಯ ಕೆಲಸ, ಆದ್ದರಿಂದ ದರವೂ ಹೆಚ್ಚು. ಕತ್ತರಿ ಹರಿತವಾಗಿರಲೇಬೇಕು. ಮೊಂಡು ಕತ್ತರಿ ಒಣ ಎಳೆಯನ್ನು ಕತ್ತರಿಸುವ ಬದಲು ಜಗಿಯುತ್ತದೆ, ಆ ತುದಿಗಳೇ ಮುಂದೆ ಸೀಳುತ್ತವೆ. ಕೂದಲು ದಟ್ಟವಾಗಿದೆಯೆಂದು ಹಲ್ಲಿನ ಕತ್ತರಿ ಹಾಕಿ ತೆಳುಮಾಡಿಸುವುದು ಗುಂಗುರಿಗೆ ಕೆಟ್ಟದ್ದು. ಗೊಂಚಲಿನೊಳಗೆ ಅಲ್ಲಲ್ಲಿ ಗಿಡ್ಡವಾದ ಎಳೆಗಳು ಸುರುಳಿಯ ಜೊತೆ ಸೇರದೆ ಪುಟಿದೆದ್ದು ಹೊರಪದರವನ್ನೂ ಮೇಲಕ್ಕೆ ದಬ್ಬುತ್ತವೆ. ತೆಳ್ಳಗಾಗಲೆಂದು ಹಾಕಿದ ಕತ್ತರಿಯಿಂದ ತಲೆ ಇನ್ನೂ ದಪ್ಪವಾಗಿ ಕಾಣುತ್ತದೆ.

ತಪ್ಪಾದರೆ ತಿದ್ದಿಕೊಳ್ಳುವುದಕ್ಕೂ ಕುಗ್ಗುವಿಕೆಯೇ ಅಡ್ಡಬರುತ್ತದೆ. ಕೂದಲು ತಿಂಗಳಿಗೆ ಸುಮಾರು ಅರ್ಧ ಇಂಚು ಬೆಳೆಯುತ್ತದೆ. ಶೇ 40ರಷ್ಟು ಕುಗ್ಗುವ ಕೂದಲಲ್ಲಿ ಕಣ್ಣಿಗೆ ಕಾಣುವ ಬೆಳವಣಿಗೆ ಅದರಲ್ಲಿ 0.3 ಇಂಚು ಮಾತ್ರ. ಕಾಣುವ ಮೂರು ಇಂಚು ಹೆಚ್ಚಾಗಿ ಹೋಗಿದ್ದರೆ ಅದು ಮರಳಲು ಹತ್ತು ತಿಂಗಳು ಬೇಕು. ನೇರ ಕೂದಲಿನವರಿಗೆ ಅದೇ ತಪ್ಪು ಆರು ತಿಂಗಳಲ್ಲಿ ಮುಚ್ಚಿಹೋಗುತ್ತದೆ.

ಕುಗ್ಗುವಿಕೆ ದಿನದಿಂದ ದಿನಕ್ಕೂ ಬದಲಾಗುತ್ತದೆ. ಗಾಳಿಯ ತೇವವನ್ನೂ ಕೂದಲು ಹೀರುವುದರಿಂದ ಮಳೆಗಾಲದ ಮಂಗಳೂರಿನಲ್ಲಿ ಉಬ್ಬಿ ಮೇಲೇರುವ ಸುರುಳಿಗಳು ಫೆಬ್ರುವರಿಯ ಬೆಂಗಳೂರಿನಲ್ಲಿ ಸಡಿಲವಾಗಿ ಇಳಿಯಬಹುದು. ಗಲ್ಲ ಅಥವಾ ಹುಬ್ಬಿನ ಮಟ್ಟದಂತಹ ಸೂಕ್ಷ್ಮ ಗೆರೆಗಳನ್ನು ಒಣಹವೆಯ ದಿನ ಕತ್ತರಿಸುವುದಾದರೆ ತುಸು ಉದ್ದ ಬಿಡುವುದು ಕ್ಷೇಮ.

ಈ ಪದ್ಧತಿ ಎಲ್ಲರಿಗೂ ಒಗ್ಗುವುದಿಲ್ಲ. ಆಗಾಗ ಐರನ್ ಮಾಡಿ ಕೂದಲನ್ನು ನೇರವಾಗಿಸಿಕೊಳ್ಳುವವರಿಗೆ, ಒಣಗಿದಾಗ ಚೆಂದ ಕಂಡ ಕಟ್ ನೇರವಾದ ದಿನ ಮೆಟ್ಟಿಲು ಮೆಟ್ಟಿಲಾಗಿ ಕಾಣುತ್ತದೆ. ಪ್ರತಿ ಸುರುಳಿಯನ್ನೂ ಅದರ ಕುಗ್ಗುವಿಕೆಗೆ ತಕ್ಕಂತೆ ಬೇರೆ ಬೇರೆ ಉದ್ದಕ್ಕೆ ಬಿಟ್ಟಿರುವುದರಿಂದ ಅದು ಸಹಜ. ಅತಿ ಬಿಗಿ ಸುರುಳಿಯಲ್ಲಿ ಗೊಂಚಲುಗಳು ತೀರ ಸಣ್ಣವಿದ್ದು ಒಂದೊಂದಾಗಿ ಕತ್ತರಿಸುವುದು ಕಷ್ಟ. ಅಲ್ಲಿ ಹೊರಗಿನ ದುಂಡನೆಯ ಆಕಾರ ನೋಡಿ ಸವರುವುದೇ ಹೆಚ್ಚು ಉಪಯುಕ್ತ.

ನಮ್ಮಲ್ಲಿ ಹೆಚ್ಚು ಎದುರಾಗುವ ತೊಡಕು ಸ್ಮೂಥನಿಂಗ್, ಸ್ಟ್ರೈಟನಿಂಗ್ ಮಾಡಿಸಿ ಈಗ ಗುಂಗುರಿಗೆ ಮರಳಬೇಕೆನ್ನುವವರದು. ರಾಸಾಯನಿಕ ಸ್ಟ್ರೈಟನಿಂಗ್ ಗಂಧಕದ ಬಂಧಗಳನ್ನೇ ಬದಲಿಸಿರುವುದರಿಂದ ಆ ಭಾಗ ನೀರು ಬಿದ್ದರೂ ಸುರುಳಿಗೆ ಮರಳದು. ಬುಡದಿಂದ ಬಂದ ಹೊಸ ಕೂದಲು ಮಾತ್ರ ಸುತ್ತುತ್ತದೆ, ಅದಕ್ಕೆ ನೇರ ತುದಿಯ ಭಾರ ಜೋತಾಡುತ್ತಿರುತ್ತದೆ. ಆ ಹೊತ್ತಿನಲ್ಲಿ ಅಳೆದ ಕುಗ್ಗುವಿಕೆಯನ್ನು ನಂಬುವಂತಿಲ್ಲ, ನೇರ ತುದಿ ಹೋದ ದಿನವೇ ಹೊಸ ಕೂದಲು ಇದ್ದಕ್ಕಿದ್ದಂತೆ ಮೇಲೇರುತ್ತದೆ. ಒಂದು ಎಳೆಯನ್ನು ಒದ್ದೆ ಮಾಡಿ ನೋಡಿದರೆ ಅಲೆ ಎಲ್ಲಿ ನಿಂತು ನೇರ ಭಾಗ ಎಲ್ಲಿ ಶುರುವಾಗುತ್ತದೆ ಎಂಬುದು ಸ್ಪಷ್ಟವಾಗಿ ಕಾಣುತ್ತದೆ. ಗಿಡ್ಡ ಕೂದಲಿಗೆ ಒಪ್ಪುವವರು ಆ ಗೆರೆಯಲ್ಲೇ ಕತ್ತರಿಸಿಕೊಳ್ಳಬಹುದು. ಉಳಿದವರು ಹಿಂಭಾಗದ ಒಳಪದರದಲ್ಲಿ ಕಾಣದ ಕಡೆ ಒಂದು ಸುರುಳಿಯನ್ನು ಆ ಗೆರೆಗೆ ಕತ್ತರಿಸಿ, ಒಣಗಿದಾಗ ಅದು ಎಲ್ಲಿ ನಿಲ್ಲುತ್ತದೆಂದು ನೋಡಿಕೊಂಡು, ಎರಡು ಮೂರು ತಿಂಗಳಿಗೊಮ್ಮೆ ಒಂದೊಂದು ಇಂಚಿನಂತೆ ನೇರ ತುದಿಯನ್ನು ತೆಗೆಸುತ್ತ ಬರಬೇಕಾಗುತ್ತದೆ.